ಹಳೆಯ ಕಾರಿನ ಸಾಲ: ಬಡ್ಡಿ ಕೇಳುವ ಮೊದಲು ತಯಾರಿಕೆಯ ತಿಂಗಳು ನೋಡಿ

ಪ್ರಶ್ನೆ: ನಾನು ಪುಣೆಯಲ್ಲಿದ್ದೇನೆ. 2017ರ ಮಾಡೆಲ್ ಕಾರೊಂದು ಮನಸ್ಸಿಗೆ ಬಂದಿದೆ, ಟೋಕನ್ ಕೊಡಬೇಕೆಂದಿದ್ದೇನೆ. ಹಳೆಯ ಕಾರಿಗೆ ಅತಿ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುವ ಬ್ಯಾಂಕ್ ಯಾವುದು? ಹೊಸ ಕಾರಿನ ಸಾಲಕ್ಕಿಂತ ಬಡ್ಡಿ ಎಷ್ಟು ಹೆಚ್ಚು?

ಉತ್ತರ: ದಯವಿಟ್ಟು ಟೋಕನ್ ಹಣವನ್ನು ಈಗಲೇ ಕೊಡಬೇಡಿ. 2022ರ ಫೆಬ್ರವರಿಯಲ್ಲಿ ನಿಗಡಿಯ ಡೀಲರೊಬ್ಬರ ಅಂಗಳದಲ್ಲಿ ನಿಂತು ನಾನೂ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದೆ. ಹುಬ್ಬಳ್ಳಿಯಿಂದ ಬಂದು ಚಾಕಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಆಗ ಆರು ವರ್ಷವಾಗಿತ್ತು. 2015ರ ಮೇ ತಿಂಗಳಲ್ಲಿ ನೋಂದಣಿಯಾಗಿದ್ದ, ಒಬ್ಬರೇ ಓಡಿಸಿದ್ದ ಪೆಟ್ರೋಲ್ ಕಾರು. ಮಾತುಕತೆಯಾಗಿ 4,20,000 ರೂಪಾಯಿಗೆ ಕುದುರಿತು. ಅದೇ ಸಂಜೆ ನಾನು 40,000 ರೂಪಾಯಿ ಟೋಕನ್ ಕೊಟ್ಟೆ, ಸಾಲ ಮಂಜೂರಾಗದಿದ್ದರೆ ಹಣ ಹಿಂದಿರುಗಿಸಬೇಕೆಂಬ ಒಂದು ಸಾಲನ್ನು ರಶೀದಿಯಲ್ಲಿ ಬರೆಸಿಕೊಳ್ಳದೆ.

ನನ್ನ ಲೆಕ್ಕ ಹೀಗಿತ್ತು. ಕಾರಿಗೆ ಏಳು ವರ್ಷವೂ ತುಂಬಿಲ್ಲ, ಬ್ಯಾಂಕಿನವರು ಹತ್ತು ವರ್ಷದವರೆಗಿನ ಕಾರಿಗೆ ಸಾಲ ಕೊಡುತ್ತಾರೆ, ಹಾಗಾಗಿ ತೊಂದರೆಯಿಲ್ಲ. ಬೆಲೆಯ ಶೇಕಡಾ 80, ಅಂದರೆ 3,36,000 ರೂಪಾಯಿ ಸಾಲ ಶೇಕಡಾ 13ರ ಬಡ್ಡಿಗೆ ನಾಲ್ಕು ವರ್ಷಕ್ಕೆ ಸಿಕ್ಕರೆ ತಿಂಗಳ ಕಂತು ಸುಮಾರು 9,000. ಈ ಲೆಕ್ಕದ ಬುಡದಲ್ಲೇ ತಪ್ಪಿತ್ತು. ಅದೇ ತಪ್ಪು ನಿಮ್ಮ ಪ್ರಶ್ನೆಯಲ್ಲೂ ಕಾಣುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾಲ ಕೊಡುವವರು ಕಾರಿನ ವಯಸ್ಸನ್ನು ನೀವು ಕೊಳ್ಳುವ ದಿನಕ್ಕೆ ನಿಲ್ಲಿಸಿ ನೋಡುವುದಿಲ್ಲ, ಕೊನೆಯ ಕಂತು ಕಟ್ಟುವ ದಿನ ಅದಕ್ಕೆ ಎಷ್ಟು ವರ್ಷವಾಗಿರುತ್ತದೆ ಎಂಬುದನ್ನು ನೋಡುತ್ತಾರೆ. ಹತ್ತು ವರ್ಷದ ಮಿತಿ ಎಂದರೆ ಸಾಲ ತೀರುವಾಗ ಹತ್ತು ವರ್ಷ ಮೀರಿರಬಾರದು ಎಂದರ್ಥ. ಏಕೆಂದರೆ ಕಂತು ನಿಂತು ಕಾರನ್ನು ಜಪ್ತಿ ಮಾಡಬೇಕಾಗಿ ಬಂದರೆ, ಬಾಕಿ ಹಣವನ್ನು ಅವರು ಆ ಹಳೆಯ ಕಾರನ್ನು ಮಾರಿಯೇ ಎತ್ತಬೇಕು. ಈ ಮಿತಿ ಎಲ್ಲ ಕಡೆಯೂ ಒಂದೇ ಅಲ್ಲ, ಕೆಲವರು ಎಂಟು ವರ್ಷಕ್ಕೇ ನಿಲ್ಲಿಸುತ್ತಾರೆ, ಇನ್ನು ಕೆಲವರು ಹನ್ನೆರಡರವರೆಗೂ ಹೋಗುತ್ತಾರೆ. ಆದರೆ ಲೆಕ್ಕ ಹಾಕುವ ರೀತಿ ಬಹುಮಟ್ಟಿಗೆ ಇದೇ.

ನನಗೆ ಏಟು ಬಿದ್ದದ್ದು ಇನ್ನೊಂದು ಮೆಟ್ಟಿಲು ಕೆಳಗೆ. ಬ್ಯಾಂಕು ಕಳಿಸಿದ ವ್ಯಾಲ್ಯುಯೇಟರ್ ಬಾನೆಟ್ ಎತ್ತಿ, ಧೂಳನ್ನು ಬಟ್ಟೆಯಿಂದ ಒರೆಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಆರ್‌ಸಿ ಕಾರ್ಡನ್ನು ಬೆಳಕಿಗೆ ಹಿಡಿದು, ನಾನು ಒಮ್ಮೆಯೂ ಓದದಿದ್ದ ಸಣ್ಣಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ತಯಾರಿಕೆಯ ತಿಂಗಳು 12/2014 ಎಂದಿತ್ತು. ಡಿಸೆಂಬರಿನಲ್ಲಿ ಕಾರ್ಖಾನೆಯಿಂದ ಹೊರಬಂದ ಕಾರು ಐದು ತಿಂಗಳು ಶೋರೂಮಿನಲ್ಲಿ ನಿಂತು ಮೇ ತಿಂಗಳಲ್ಲಿ ಮಾರಾಟವಾಗಿತ್ತು. ಈ ಬ್ಯಾಂಕು ವಯಸ್ಸನ್ನು ಎಣಿಸುತ್ತಿದ್ದದ್ದು ತಯಾರಿಕೆಯ ತಿಂಗಳಿನಿಂದ.

ಈ ಐದು ತಿಂಗಳು ಮಾಡಿದ್ದನ್ನು ನೋಡಿ. ನೋಂದಣಿಯಿಂದ ಎಣಿಸಿದ್ದರೆ 2025ರ ಮೇ ತಿಂಗಳವರೆಗೆ 39 ತಿಂಗಳು ಉಳಿಯುತ್ತಿತ್ತು, 36 ಕಂತುಗಳ ಸಾಲ ಸಿಗುತ್ತಿತ್ತು. ತಯಾರಿಕೆಯಿಂದ ಎಣಿಸಿದಾಗ 2024ರ ಡಿಸೆಂಬರಿನವರೆಗೆ ಉಳಿದದ್ದು 34 ತಿಂಗಳು. ಅಲ್ಲಿ ಅವಧಿಯನ್ನು ಪೂರ್ಣ ವರ್ಷಗಳಲ್ಲೇ ಕೊಡುತ್ತಿದ್ದುದರಿಂದ ನನ್ನ ಸಾಲ 24 ತಿಂಗಳಿಗೆ ಇಳಿಯಿತು. ಅದರ ಜೊತೆಗೆ ವ್ಯಾಲ್ಯುಯೇಟರ್ ಕಾರಿಗೆ ಕಟ್ಟಿದ ಬೆಲೆ 3,60,000 ಮಾತ್ರ, ಶೇಕಡಾ 80ರ ಲೆಕ್ಕ ನಡೆಯುವುದು ಅದರ ಮೇಲೆ, ನೀವು ಒಪ್ಪಿಕೊಂಡ ಬೆಲೆಯ ಮೇಲಲ್ಲ. ಹಾಗಾಗಿ 2,88,000. ಅದಕ್ಕೆ 24 ತಿಂಗಳ ಕಂತು ಸುಮಾರು 13,700 ಆಗುತ್ತದೆ. ನನ್ನ ಕೈಗೆ ಬರುತ್ತಿದ್ದ ಸಂಬಳ 42,000, ಮನೆಸಾಲದ ಕಂತು 9,500. ಎಲ್ಲ ಕಂತುಗಳೂ ಸೇರಿ ಸಂಬಳದ ಅರ್ಧ ಮೀರಬಾರದೆಂಬುದು ಆ ಬ್ಯಾಂಕಿನ ನಿಯಮವಾದ್ದರಿಂದ, ಕಾರಿಗೆ ಉಳಿದದ್ದು 11,500 ಮಾತ್ರ. ಕೊನೆಗೆ ನನ್ನ ಅರ್ಹತೆ 2,40,000ದ ಆಸುಪಾಸಿಗೆ ಬಂದು ನಿಂತಿತು. ಅದೇ 2,88,000ವನ್ನು 36 ತಿಂಗಳಿಗೆ ಕೊಟ್ಟಿದ್ದರೆ ಕಂತು 9,700 ಆಗಿ ಸಲೀಸಾಗಿ ಪಾಸಾಗುತ್ತಿತ್ತು. ಸಂಬಳ ಅದೇ, ಬಡ್ಡಿಯೂ ಅದೇ, ನನ್ನ ಅರ್ಹತೆಯನ್ನು ಕತ್ತರಿಸಿದ್ದು ಕಾರಿನ ವಯಸ್ಸು.

ಕೈಯಿಂದ 84,000 ಹಾಕಲು ಹೊರಟವನು ಈಗ 1,80,000 ಹಾಕಬೇಕಿತ್ತು. ಡೀಲರು ಟೋಕನ್ ವಾಪಸಿಲ್ಲವೆಂದರು. ಆ 40,000 ಉಳಿಸಿಕೊಳ್ಳುವ ಆತುರದಲ್ಲಿ ಅವರೇ ಕರೆತಂದ ಏಜೆಂಟರ ಮಾತಿಗೆ ತಲೆಯಾಡಿಸಿದೆ. «ಸಾಹೇಬ್ರೇ, ಬ್ಯಾಂಕಿನವರು ಹದಿಮೂರು ಅಂತಾರೆ, ನಮ್ಮದು ಬರೀ ಒಂಬತ್ತು» ಎಂದರು. ವಯಸ್ಸಿನ ಮಿತಿ ಸಡಿಲವಿದ್ದ ಒಂದು ಫೈನಾನ್ಸ್ ಕಂಪನಿ 48 ತಿಂಗಳಿಗೆ 3,00,000 ಕೊಟ್ಟಿತು, ಉಳಿದದ್ದಕ್ಕೆ ಭಾವನ ಹತ್ತಿರ 36,000 ಕೈಗಡ ತಂದೆ. ಕಂತು 8,500. ಆ ಒಂಬತ್ತು ಫ್ಲಾಟ್ ಬಡ್ಡಿ ಎಂದು ತಿಳಿದದ್ದು ಸಹಿ ಹಾಕಿದ ಮೇಲೆ. ಅಂದರೆ ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ನಾಲ್ಕೂ ವರ್ಷ ಪೂರ್ತಿ ಮೂರು ಲಕ್ಷದ ಮೇಲೆಯೇ ಹಾಕುತ್ತಾರೆ. ಒಟ್ಟು ಬಡ್ಡಿ 1,08,000. ಬ್ಯಾಂಕುಗಳು ಹೇಳುವ ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ಅದು ಶೇಕಡಾ 16. ನಾನು ಅಂದುಕೊಂಡಂತೆ ನಿಜವಾದ ಒಂಬತ್ತಾಗಿದ್ದರೆ ಬಡ್ಡಿ ಸುಮಾರು 58,000 ಮಾತ್ರ ಆಗುತ್ತಿತ್ತು. ನಲವತ್ತು ಸಾವಿರ ಉಳಿಸಲು ಹೋಗಿ ಐವತ್ತು ಸಾವಿರ ಹೆಚ್ಚು ಕಟ್ಟಿದಿರಲ್ಲ ಎಂದು ನನ್ನ ಹೆಂಡತಿ ಇಂದಿಗೂ ನೆನಪಿಸುತ್ತಾಳೆ.

ಹೊಸ ಕಾರಿನ ಜೊತೆ ಹೋಲಿಕೆ ಕೇಳಿದ್ದೀರಿ. ಅದೇ ಸಮಯದಲ್ಲಿ ಹೊಸ ಕಾರಿನ ಸಾಲ ಶೇಕಡಾ ಎಂಟರ ಆಸುಪಾಸಿನಲ್ಲಿತ್ತು, ಏಳು ವರ್ಷದ ಅವಧಿಯೂ ಸಿಗುತ್ತಿತ್ತು. ಐದು ಲಕ್ಷಕ್ಕೆ ಆ ಲೆಕ್ಕದಲ್ಲಿ ಕಂತು ಸುಮಾರು 7,800. ಮೂರು ಲಕ್ಷದ ಹಳೆಯ ಕಾರಿಗೆ ನಾನು ಕಟ್ಟುತ್ತಿದ್ದದ್ದು 8,500! ಒಟ್ಟು ಬಡ್ಡಿ ಹೊಸದಕ್ಕೇ ಹೆಚ್ಚು, ಒಂದೂವರೆ ಲಕ್ಷ ದಾಟುತ್ತದೆ, ಅದನ್ನು ಮರೆಯಬಾರದು. ಆದರೂ ತಿಂಗಳ ಕಂತನ್ನು ಹಗುರ ಮಾಡಲೆಂದು ಹಳೆಯ ಕಾರು ಕೊಳ್ಳುತ್ತೇನೆ ಎನ್ನುವವರಿಗೆ ಈ ಲೆಕ್ಕ ಹೇಳುತ್ತೇನೆ.

ಆದ್ದರಿಂದ ಕಡಿಮೆ ಬಡ್ಡಿಯ ಬ್ಯಾಂಕ್ ಯಾವುದೆಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. 2017ರ ಮಾಡೆಲ್ ಎಂದಿದ್ದೀರಿ, ಆರ್‌ಸಿಯಲ್ಲಿ ತಯಾರಿಕೆಯ ತಿಂಗಳನ್ನು ಮೊದಲು ಓದಿ, ಅದು 2016ರ ಕೊನೆಯದೂ ಆಗಿರಬಹುದು. ಆ ತಿಂಗಳಿಗೆ ಹತ್ತು ವರ್ಷ ಕೂಡಿಸಿ, ಇಂದಿನಿಂದ ಎಷ್ಟು ತಿಂಗಳು ಉಳಿಯಿತೆಂದು ಎಣಿಸಿ. 24 ತಿಂಗಳೂ ಉಳಿಯದಿದ್ದರೆ ಹತ್ತು ವರ್ಷದ ಮಿತಿಯ ಬ್ಯಾಂಕುಗಳ ಬಾಗಿಲು ತಟ್ಟುವುದು ವ್ಯರ್ಥ. ಆಗ ಸಡಿಲ ಮಿತಿಯವರ ಹತ್ತಿರ ದುಬಾರಿ ಬಡ್ಡಿಗೆ ಹೋಗುವ ಬದಲು ಒಂದೆರಡು ವರ್ಷ ಹೊಸದಾದ ಕಾರನ್ನೇ ಹುಡುಕಿ, ಇಲ್ಲವೇ ಸಾಲವಿಲ್ಲದೆ ಕೊಳ್ಳಬಹುದಾದಷ್ಟು ಅಗ್ಗದ್ದನ್ನು ನೋಡಿ. ತಿಂಗಳುಗಳು ಸಾಕಷ್ಟಿದ್ದರೆ, ವಯಸ್ಸನ್ನು ಯಾವ ದಿನಾಂಕದಿಂದ ಎಣಿಸುತ್ತೀರಿ, ಬಡ್ಡಿ ಫ್ಲಾಟೋ ಇಳಿಯುವ ಬಾಕಿಯದೋ ಎಂದು ಬ್ಯಾಂಕಿನವರನ್ನು ಕೇಳಿ ಬರಹದಲ್ಲಿ ಪಡೆಯಿರಿ. ಟೋಕನ್ ಕೊಡುವುದಾದರೆ ವ್ಯಾಲ್ಯುಯೇಷನ್ ವರದಿ ಬಂದ ಮೇಲೆ ಕೊಡಿ. ಡೀಲರು ಅಷ್ಟು ದಿನ ಕಾಯುವುದಿಲ್ಲವೆಂದರೆ ಸಾವಿರ ರೂಪಾಯಿ ಮಾತ್ರ ಕೊಟ್ಟು, ಸಾಲ ಸಿಗದಿದ್ದರೆ ವಾಪಸ್ ಎಂದು ರಶೀದಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ.