ಮುಟ್ಟಿಗೆ ಮೊದಲು ಹೊಟ್ಟೆ ಕಟ್ಟುತ್ತದೆ, ಮುಟ್ಟಾದ ದಿನ ಭೇದಿ

ಪ್ರಶ್ನೆ: ಪಿರಿಯಡ್ಸ್‌ಗೆ ಒಂದು ವಾರ ಮೊದಲು ಹೊಟ್ಟೆ ಉಬ್ಬಿರುತ್ತದೆ, ಸರಿಯಾಗಿ ಹೊರಗೆ ಹೋಗುವುದಿಲ್ಲ. ಶುರುವಾದ ದಿನ ಮಾತ್ರ ಮೂರ್ನಾಲ್ಕು ಸಲ ಭೇದಿ. ಊಟದಿಂದಲಾ?

ಊಟದಿಂದ ಅಲ್ಲ. ನನಗೂ ವರ್ಷಗಟ್ಟಲೆ ಹೀಗೇ ಆಗುತ್ತಿತ್ತು. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವವಳು ನಾನು, ಕೆಲಸ ಔಷಧಿ ಅಂಗಡಿಯಲ್ಲಿ. ಮೂಲ್ಕಿ ದಾಟುವಾಗ ಹೊಟ್ಟೆ ಹಿಂಡಲು ಶುರುವಾದರೆ ಸುರತ್ಕಲ್ ಬರುವವರೆಗೆ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಹಿಂದಿನ ರಾತ್ರಿಯ ಸಾರಿನ ಮೇಲೆ ಅನುಮಾನ.

ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿದೆ. ಉಬ್ಬರಕ್ಕೆ ಗೆರೆ, ಭೇದಿಗೆ ಚುಕ್ಕೆ. ಗೆರೆಗಳೆಲ್ಲ ಮುಟ್ಟಿಗೆ ಮೊದಲಿನ ವಾರದಲ್ಲಿ, ಚುಕ್ಕೆಗಳೆಲ್ಲ ಮೊದಲ ಎರಡು ದಿನದಲ್ಲಿ ಬಿದ್ದವು.

ಕಾರಣ ಹೀಗೆ. ಅಂಡ ಬಿಡುಗಡೆಯಾದ ಮೇಲೆ, 28 ದಿನದ ಚಕ್ರವಾದರೆ ಸುಮಾರು 14ನೇ ದಿನದ ನಂತರ, ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಸಡಿಲ ಬಿಡುತ್ತದೆ, ಕರುಳಿನ ಸ್ನಾಯುವನ್ನೂ ನಿಧಾನ ಮಾಡುತ್ತದೆ. ಮಲ ಜಾಸ್ತಿ ಹೊತ್ತು ಒಳಗೇ ನಿಂತರೆ ಕರುಳು ಅದರ ನೀರನ್ನು ಹೀರಿಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ, ಗಾಳಿ ಕಟ್ಟುತ್ತದೆ. ಗರ್ಭ ನಿಲ್ಲದಿದ್ದರೆ ಕೊನೆಯ ದಿನಗಳಲ್ಲಿ ಈ ಪ್ರೊಜೆಸ್ಟರಾನ್ ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಗರ್ಭಕೋಶ ಹಿಂಡಿ ಪದರವನ್ನು ಹೊರಹಾಕಲು ಬೇಕಾದದ್ದು ಅದೇ. ಆದರೆ ಕರುಳು ಅಲ್ಲೇ ಪಕ್ಕದಲ್ಲಿದೆ ಅಲ್ವಾ? ಅದೂ ಹಿಂಡುತ್ತದೆ, ಒಳಗೆ ನೀರೂ ಜಾಸ್ತಿ ಸುರಿಯುತ್ತದೆ. ಹಿಂದಿನ ದಿನ ಕಟ್ಟಿದ್ದ ಹೊಟ್ಟೆ ಮರುದಿನ ಭೇದಿಗೆ ತಿರುಗುವುದು ಹೀಗೆ.

ಹಾಗಾಗಿ ಐಬುಪ್ರೊಫೆನ್ ತರದ ನೋವಿನ ಮಾತ್ರೆ ಕೆಲವರಿಗೆ ನೋವಿನ ಜೊತೆ ಭೇದಿಯನ್ನೂ ಕಡಿಮೆ ಮಾಡುತ್ತದೆ. ಅದು ಹೊಸ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ, ಆಗಲೇ ತಯಾರಾದದ್ದನ್ನು ತೆಗೆಯುವುದಿಲ್ಲ. ಅದಕ್ಕೇ ನೋವು ಏರುವವರೆಗೆ ಕಾಯಬಾರದು, ಶುರುವಾದ ಕೂಡಲೇ ಊಟದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ ಇದ್ದವರಿಗೆ ಇದು ಬೇಡ. ಗರ್ಭಿಣಿ ಇರಬಹುದು ಅನಿಸಿದರೂ, ಡೆಂಗಿಯ ಅನುಮಾನದ ಜ್ವರ ಇದ್ದರೂ ಬೇಡ. ಇಲ್ಲಿ ಮಳೆಗಾಲದಲ್ಲಿ ಈ ಕೊನೆಯದನ್ನು ಅಂಗಡಿಯಲ್ಲಿ ನಾನು ಪ್ರತಿಯೊಬ್ಬರಿಗೂ ಕೇಳುತ್ತೇನೆ. ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಮಾತ್ರೆಯಿಂದಲೇ ಕೆಲವರಿಗೆ ಭೇದಿ ಆಗುವುದುಂಟು. ಅದನ್ನು ನುಂಗಿದ ಮೇಲೆ ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಮೊದಲ ದಿನ ನಾನು ಬೆಳಗಿನ ಕಾಫಿ ಬಿಡುತ್ತೇನೆ, ಅದೂ ಕರುಳನ್ನು ಓಡಿಸುತ್ತದೆ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಕುಡಿದು ಹೊರಡುತ್ತೇನೆ.

ಒಂದು ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಹೋಗುವಾಗ ಚುಚ್ಚುವ ನೋವು, ಅಥವಾ ಮಲದಲ್ಲಿ ರಕ್ತ ಇದ್ದರೆ ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಭೇದಿ ತಿಂಗಳಿಡೀ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ ಅದು ಮುಟ್ಟಿನದ್ದಲ್ಲ, ಬೇರೆ ಪರೀಕ್ಷೆ ಬೇಕು. ನನ್ನ ಹಾಗೆ ನೀವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ.