ಡೆಲ್ಫಿಯಲ್ಲಿ 75% ಬರದ ಐಟಂ ಕಿತ್ತುಹಾಕೋ ಮುಂಚೆ ಪ್ಯಾನಲ್ ಒಳಗೆ ನೋಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂ.ಎಸ್ಸಿ ನರ್ಸಿಂಗ್ ಓದ್ತಾ ಇದೀನಿ, ಸಮುದಾಯ ಆರೋಗ್ಯ ನರ್ಸ್‌ಗಳ ಕೋರ್ ಕಾಂಪಿಟೆನ್ಸಿ ಬಗ್ಗೆ ಡೆಲ್ಫಿ ಸ್ಟಡಿ, ಅಂದ್ರೆ ಪರಿಣತರ ಹತ್ರ ಪ್ರತಿ ಐಟಂಗೆ ರೌಂಡ್ ರೌಂಡಾಗಿ ಅಂಕ ಹಾಕಿಸಿ ಒಮ್ಮತ ಬರುತ್ತಾ ಅಂತ ನೋಡೋದು. ಪ್ಯಾನಲ್‌ನಲ್ಲಿ 20 ಜನ. ಎರಡನೇ ರೌಂಡ್ ಮುಗೀತು, ಮಂಗನ ಕಾಯಿಲೆ ಐಟಂಗೆ 75% ಜನರ ಒಪ್ಪಿಗೆ ಬಂದಿಲ್ಲ. ತೆಗೆದುಬಿಡ್ಲಾ, ಮೂರನೇ ರೌಂಡಿಗೆ ಕಳಿಸ್ಲಾ?

ತೆಗೀಬೇಡಿ, ಹಾಗಂತ ಈಗಿರೋ ರೂಪದಲ್ಲೇ ಮೂರನೇ ರೌಂಡಿಗೂ ಕಳಿಸಬೇಡಿ. ನಾನು ಸಾಗರದ ಕಡೆ ಹಲವು ವರ್ಷ ಫೀಲ್ಡಲ್ಲಿ ಇದ್ದು ಆಮೇಲೆ ಟೀಚಿಂಗ್‌ಗೆ ಬಂದವಳು, ಇಂಥದ್ದೇ ಒಂದು ಡೆಲ್ಫಿ ಮಾಡಿಸಿದೀನಿ, ಮಲೆನಾಡಲ್ಲಿ ಮಾಡೋ ಸ್ಟಡಿಗಳಲ್ಲಿ ಪದೇ ಪದೇ ಸಿಕ್ಕಿ ಬೀಳೋದು ಇದೇ ಥರದ ಐಟಂ.

ಮೊದ್ಲು ಆ 20 ಜನರ ಅಂಕಗಳನ್ನ ಒಂದು ಸಾಲಾಗಿ ಇಟ್ಕೊಂಡು ನೋಡಿ, ಬರೀ ಪರ್ಸೆಂಟ್ ನೋಡಬೇಡಿ. ಅರ್ಥ ಆಗ್ಲಿ ಅಂತ ನಾನೇ ಒಂದು ಲೆಕ್ಕ ಹಾಕ್ತೀನಿ, ಇದು ಯಾವ ಸ್ಟಡಿಯ ಡೇಟಾನೂ ಅಲ್ಲ. ನಿಮ್ಮ 20 ಜನರಲ್ಲಿ 10 ಜನ ಕಾಲೇಜಲ್ಲಿ ಪಾಠ ಮಾಡೋರು, 10 ಜನ ಫೀಲ್ಡಿನೋರು (ಪಿಎಚ್‌ಸಿಓ, ಸಿಎಚ್‌ಓ, ಎಲ್‌ಎಚ್‌ವಿ ಇಂಥೋರು) ಅಂದ್ಕೊಳ್ಳಿ. ಐಟಂ ಏನಪ್ಪಾ ಅಂದ್ರೆ "ಮಂಗ ಸತ್ತ ಸುದ್ದಿ ಬಂದ ಕೂಡ್ಲೇ ವರದಿ ಮಾಡಿ, ಉಣುಗು ಕಚ್ಚದ ಹಾಗೆ ಡೆಪಾ ಎಣ್ಣೆ ಬಗ್ಗೆ ಮನೆಮನೆಗೆ ತಿಳಿಸಿ, ಜ್ವರ ಸಮೀಕ್ಷೆ ಮಾಡೋದು". ಒಂದರಿಂದ ಐದರ ಸ್ಕೇಲಲ್ಲಿ ಫೀಲ್ಡಿನ 7 ಜನ ಐದು ಕೊಟ್ರು, 3 ಜನ ನಾಲ್ಕು. ಕಾಲೇಜಿನ ಕಡೆ ಒಬ್ರು ಐದು, ಇಬ್ರು ನಾಲ್ಕು, 4 ಜನ ಮೂರು, 3 ಜನ ಎರಡು ಕೊಟ್ರು. ನಾಲ್ಕು ಐದು ಕೊಟ್ಟೋರನ್ನ ಒಪ್ಪಿದೋರು ಅಂತ ಇಟ್ಕೊಂಡ್ರೆ 20ರಲ್ಲಿ 13, ಅಂದ್ರೆ 65%. ಐಟಂ ಬಿದ್ದೋಯ್ತು. ಆದ್ರೆ ಸರಾಸರಿ ತೆಗೆದ್ರೆ 3.9 ಬರುತ್ತೆ, ಮೀಡಿಯನ್ 4 ಬರುತ್ತೆ, ನೋಡೋಕೆ ಚೆನ್ನಾಗೇ ಕಾಣುತ್ತೆ. ಇಲ್ಲಿ ನಿಜ ಹೇಳೋದು ಐಕ್ಯೂಆರ್, ಅಂದ್ರೆ ಮಧ್ಯದ ಅರ್ಧ ಜನರ ಅಂಕ ಎಷ್ಟು ಹರಡಿದೆ ಅನ್ನೋದು. ಅಂಕಗಳು ಒಂದೇ ಸಾಲಲ್ಲಿದ್ರೆ ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=QUARTILE.INC(B2:U2,3)-QUARTILE.INC(B2:U2,1)
```

ಈ ಲೆಕ್ಕದಲ್ಲಿ ಉತ್ತರ 2 ಬರುತ್ತೆ. ಐದರ ಸ್ಕೇಲಲ್ಲಿ 1 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಒಮ್ಮತ ಅಂತಾರೆ, 2 ಬಂತು ಅಂದ್ರೆ ಪ್ಯಾನಲ್ ಒಳಗೆ ಏನೋ ಒಡಕಿದೆ ಅಂತ ಅನುಮಾನ ಪಡ್ಬೇಕು. ಆಗ ಎರಡು ಗುಂಪನ್ನ ಬೇರೆ ಬೇರೆ ಮಾಡಿ ನೋಡಿ: ಫೀಲ್ಡಲ್ಲಿ 10ಕ್ಕೆ 10, ಕಾಲೇಜಲ್ಲಿ 10ಕ್ಕೆ 3. ಇದು 65% ಒಪ್ಪಿದ ಒಂದು ಗುಂಪಲ್ಲ, ಪೂರ್ತಿ ಒಪ್ಪಿದ ಒಂದು ಗುಂಪು ಮತ್ತೆ ಒಪ್ಪದೇ ಇರೋ ಇನ್ನೊಂದು ಗುಂಪು.

ಈಗ ಇನ್ನೊಂದು ಮಾಡಿ ನೋಡಿ. ಯಾರ ಅಭಿಪ್ರಾಯಾನೂ ಬದಲಾಗೋದು ಬೇಡ, ಪ್ಯಾನಲ್ ಕಟ್ಟುವಾಗಲೇ ಫೀಲ್ಡಿನೋರು 16, ಕಾಲೇಜಿನೋರು 4 ಇದ್ದಿದ್ರೆ ಏನಾಗ್ತಿತ್ತು? 16 ಪ್ಲಸ್ ಒಂದು, 17, ಅಂದ್ರೆ 85%, ಐಟಂ ಆರಾಮಾಗಿ ಪಾಸ್. ತಿರುಗಾ ಹಾಕಿ ಫೀಲ್ಡಿನೋರು 4, ಕಾಲೇಜಿನೋರು 16 ಇಟ್ರೆ ಹೆಚ್ಚುಕಮ್ಮಿ 9, ಅಂದ್ರೆ 45%. ಅದೇ ಮಾತು, ಅದೇ ಜನರ ಥರದ ಜನ, ಫಲಿತಾಂಶ ಮಾತ್ರ 45ರಿಂದ 85ರ ತನಕ ಓಡಾಡುತ್ತೆ. ಅದಕ್ಕೇ ಡೆಲ್ಫಿಯಲ್ಲಿ ಎಷ್ಟು ಜನ ಅನ್ನೋದಕ್ಕಿಂತ ಯಾರ್ಯಾರು ಎಷ್ಟೆಷ್ಟು ಅನ್ನೋದು ದೊಡ್ಡ ನಿರ್ಧಾರ, ಇದು ಸ್ಯಾಂಪಲ್ ಸರ್ವೆ ಅಲ್ಲ. ನಿಮ್ಮ 20 ಜನರ ಸಂಖ್ಯೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಸಾಕು. ಆದ್ರೆ ಥೀಸಿಸ್‌ನಲ್ಲಿ ಯಾವ ಹಿನ್ನೆಲೆಯೋರು ಎಷ್ಟು ಜನ, ಪ್ರತಿ ಐಟಂಗೆ ಗುಂಪುವಾರು ಎಷ್ಟು ಬಂತು ಅನ್ನೋ ಟೇಬಲ್ ಇರ್ಲೇಬೇಕು.

ಸರಿ, ಯಾಕೆ ಒಡೀತು ಅನ್ನೋದು ಮುಂದಿನ ಪ್ರಶ್ನೆ. ಅಂಕದ ಪಕ್ಕದಲ್ಲಿ ಕಾಮೆಂಟ್ ಬರೆಯೋಕೆ ಜಾಗ ಕೊಟ್ಟಿದೀರ ಅಲ್ವಾ, ಅದನ್ನ ಓದಿ, ಕೊಟ್ಟಿಲ್ಲ ಅಂದ್ರೆ ಕಮ್ಮಿ ಅಂಕ ಕೊಟ್ಟೋರಿಗೆ ಕಾರಣ ಬರೆದುಕೊಡಿ ಅಂತ ಈಗ್ಲೇ ಕೇಳಿ. ನಾವು ಮಾಡಿದಾಗ ಕಾಲೇಜಿನೋರು ಬರೆದಿದ್ದು ಹೆಚ್ಚುಕಮ್ಮಿ ಒಂದೇ ಥರ ಇತ್ತು: ಇದು ಮುಖ್ಯ ಹೌದು, ಆದ್ರೆ ಬಯಲುಸೀಮೆಯಲ್ಲಿ ಕೆಲಸ ಮಾಡೋ ನರ್ಸಿಗೆ ಬೇಕಾಗಲ್ಲ, ಹಾಗಾಗಿ ಕೋರ್ ಅಲ್ಲ. ಫೀಲ್ಡಿನೋರು ಮಾತ್ರ ತಮ್ಮ ಸಬ್‌ಸೆಂಟರ್ ಮನಸ್ಸಲ್ಲಿ ಇಟ್ಕೊಂಡು ಅಂಕ ಕೊಟ್ಟಿದ್ರು, ತರಗೆಲೆ ತರೋಕೆ, ಸೌದೆಗೆ ಅಂತ ಕಾಡಿಗೆ ಹೋಗೋ ಜನರ ಮಧ್ಯೆ ಓಡಾಡೋರು ಇನ್ನೇನು ಕೊಡ್ತಾರೆ. 1957ರಲ್ಲಿ ಈ ಕಾಯಿಲೆ ಮೊದ್ಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 2019ರಲ್ಲಿ ಸಾಗರದ ಅರಳಗೋಡು ಕಡೆ ಇದೇ ಕಾಯಿಲೆಗೆ ಜನ ಸತ್ತಿದ್ದು ಇಲ್ಲಿನ ಯಾವ ಪಿಎಚ್‌ಸಿ ಸಿಬ್ಬಂದಿಗೂ ಮರೆತಿಲ್ಲ. ಅಂದ್ರೆ ಎರಡೂ ಗುಂಪಿನೋರು ತಮ್ಮ ತಮ್ಮ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟಿದಾರೆ, ಪ್ರಶ್ನೆಗಳೇ ಬೇರೆ ಬೇರೆ ಆಗಿದ್ವು.

ಮೂರನೇ ರೌಂಡಿಗೆ ಮುಂಚೆ ರಿಪೇರಿ ಮಾಡ್ಬೇಕಾಗಿದ್ದು ಇಲ್ಲೇ. ಫಾರಂ ಮೇಲ್ಗಡೆ ಒಂದು ಸಾಲಲ್ಲಿ ಕೋರ್ ಅಂದ್ರೆ ಏನು ಅಂತ ಕಟ್ಟಿಹಾಕಿ: "ರಾಜ್ಯದ ಯಾವ ಸಬ್‌ಸೆಂಟರಿಗೆ ಹೊಸದಾಗಿ ಸೇರಿದ್ರೂ ಮೊದಲ ದಿನದಿಂದ ಮಾಡೋಕೆ ಬರಲೇಬೇಕಾದ ಕೆಲಸ". ಆಮೇಲೆ ಆ ಐಟಂ ಒಡೀರಿ, ಯಾಕಂದ್ರೆ ಅದರಲ್ಲಿ ಮೂರು ಕೆಲಸ ತುರುಕಿದೆ, ವರದಿ ಒಂದು, ತಿಳುವಳಿಕೆ ಒಂದು, ಸಮೀಕ್ಷೆ ಒಂದು, ಮೂರರಲ್ಲಿ ಎರಡು ಒಪ್ಪಿ ಒಂದು ಒಪ್ಪದೋರು ಮೂರು ಅಂಕ ಕೊಟ್ಟು ಸುಮ್ನಾಗ್ತಾರೆ. ನಾವು ಮಾಡಿದ್ದು ಹೀಗೆ: ಜನರಲ್ಲಿ ಗುಂಪಾಗಿ ಜ್ವರ ಬಂದಾಗ ಅಥವಾ ಪ್ರಾಣಿಗಳು ಅಸಹಜವಾಗಿ ಸತ್ತಾಗ ಗುರುತಿಸಿ ಅವತ್ತೇ ಪಿಎಚ್‌ಸಿಗೆ ವರದಿ ಮಾಡೋದು ಅಂತ ಒಂದು ಐಟಂ, ಜ್ವರ ಸಮೀಕ್ಷೆ ಮಾಡಿ ಪಟ್ಟಿ ಇಡೋದು ಇನ್ನೊಂದು, ಮಂಗನ ಕಾಯಿಲೆ ಇರೋ ಜಾಗದಲ್ಲಿ ಕಾಡಿಗೆ ಹೋಗೋರಿಗೆ ಎಣ್ಣೆ ಹಚ್ಚೋದು, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯೋದು ಹೇಳಿಕೊಡೋದು ಮತ್ತೊಂದು. ಪ್ರತಿಯೊಂದಕ್ಕೂ ಎಷ್ಟು ಮುಖ್ಯ ಅಂತ ಅಂಕ ಕೇಳಿದ್ವಿ, ಪಕ್ಕದಲ್ಲೇ ಇದು ಕೋರ್‌ಗೆ ಸೇರ್ಬೇಕಾ, ಕಾಯಿಲೆ ಇರೋ ಪ್ರದೇಶದ ಹೆಚ್ಚುವರಿ ಪಟ್ಟಿಗಾ ಅಂತ ಟಿಕ್ ಹಾಕಿಸಿದ್ವಿ. ಮೊದಲ ಎರಡು ಕೋರ್‌ಗೆ ಹೋದ್ವು, ಮೂರನೇದು ಎರಡೂ ಕಡೆಯೋರು ಒಪ್ಪಿ ಹೆಚ್ಚುವರಿ ಪಟ್ಟಿಗೆ ಹೋಯ್ತು. ಒಂದ್ವೇಳೆ ಎರಡನೇ ರೌಂಡಲ್ಲೇ ಒಮ್ಮತ ಬರ್ಲಿಲ್ಲ ಅಂತ ಕಿತ್ತಾಕಿದ್ರೆ ವರದಿ ಮಾಡೋ ಕೆಲಸಾನೂ ಅದರ ಜೊತೆ ಹೋಗಿಬಿಡ್ತಿತ್ತು, ಅದು ಯಾವ ಜಿಲ್ಲೆಗೂ ಬೇಡದ ಕೆಲಸ ಅಲ್ಲ. ಐಟಂ ತಿದ್ದಿದ್ರೆ ಅದನ್ನ ಹೊಸ ಐಟಂ ಅಂತಾನೇ ಲೆಕ್ಕ ಇಡ್ಬೇಕು, ಎರಡನೇ ರೌಂಡ್ ಅಂಕದ ಜೊತೆ ಹೋಲಿಸೋಕೆ ಬರಲ್ಲ, ಬೇಕಾದ್ರೆ ನಾಲ್ಕನೇ ರೌಂಡಿಗೆ ಆ ಕೆಲವೇ ಐಟಂ ಕಳಿಸಿ.

75% ಅನ್ನೋ ಗೆರೆ ಮಾತ್ರ ಈಗ ಬದಲಾಯಿಸಬೇಡಿ. ಪ್ರೋಟೋಕಾಲ್‌ನಲ್ಲಿ ಮುಂಚೆನೇ ಬರೆದಿದ್ರೆ ಅದೇ ಇರ್ಲಿ, ಡೇಟಾ ನೋಡಿದ್ಮೇಲೆ 65ಕ್ಕೆ ಇಳಿಸಿದ್ರೆ ವೈವಾದಲ್ಲಿ ಯಾರಾದ್ರೂ ಕೇಳಿದಾಗ ಉತ್ತರ ಇರಲ್ಲ.

ಮೂರನೇ ರೌಂಡಲ್ಲಿ ಒಂದು ಮೋಸ ಕಾದಿರುತ್ತೆ, ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ. ಸುಸ್ತಾಗಿ ಉತ್ತರ ಕೊಡದೇ ಬಿಟ್ಟುಬಿಡೋರು ಇರ್ತಾರೆ, ಅದರಲ್ಲೂ ಒಪ್ಪದೇ ಇರೋರು ಬೇಗ ಬಿಡ್ತಾರೆ, ನನ್ನ ಮಾತು ಯಾರೂ ಕೇಳ್ತಿಲ್ಲ ಅನ್ಸುತ್ತೆ ಅವರಿಗೆ. ಮೇಲಿನ ಲೆಕ್ಕದಲ್ಲೇ ನೋಡಿ, ಐಟಂ ತಿದ್ದದೇ ಹಾಗೇ ಕಳಿಸಿದ್ರಿ ಅಂತಿಟ್ಕೊಳ್ಳಿ, ಒಪ್ಪದ 7 ಜನರಲ್ಲಿ 4 ಜನ ಫಾರಂ ವಾಪಸ್ ಕೊಡ್ಲಿಲ್ಲ, ಉಳಿದ 16 ಜನ ಒಂದು ಅಂಕಾನೂ ಬದಲಾಯಿಸ್ಲಿಲ್ಲ. ಈಗ 16ರಲ್ಲಿ 13, ಅಂದ್ರೆ 81%. ಒಮ್ಮತ ಬಂತು ಅಂತ ಥೀಸಿಸ್‌ನಲ್ಲಿ ಬರೀತೀರ, ನಿಜವಾಗಿ ಒಬ್ಬರೂ ಮನಸ್ಸು ಬದಲಾಯಿಸಿಲ್ಲ. ಇದನ್ನ ಹಿಡಿಯೋದು ಕಷ್ಟ ಇಲ್ಲ, ಎರಡೂ ರೌಂಡಿಗೆ ಉತ್ತರ ಕೊಟ್ಟ 16 ಜನರನ್ನೇ ತಗೊಂಡು ಅವರ ಎರಡನೇ ರೌಂಡ್ ಪರ್ಸೆಂಟ್ ತೆಗೀರಿ, ಅಲ್ಲೂ 81 ಬಂದ್ರೆ ಏರಿಕೆ ಪೂರ್ತಿ ಬಿಟ್ಟುಹೋದೋರಿಂದ ಬಂದಿದ್ದು. ಪ್ರತಿ ಐಟಂಗೆ ಎಷ್ಟು ಜನ ಅಂಕ ಬದಲಾಯಿಸಿದ್ರು ಅನ್ನೋದನ್ನೂ ಒಂದು ಕಾಲಂನಲ್ಲಿ ಇಡಿ. ಪರ್ಸೆಂಟ್ ಕಮ್ಮಿ ಇದ್ದು, ಬದಲಾವಣೆನೂ ನಿಂತಿದ್ರೆ ಇನ್ನೊಂದು ರೌಂಡ್ ಮಾಡಿ ಪ್ರಯೋಜನ ಇಲ್ಲ, ಆ ಐಟಂಗೆ ಒಮ್ಮತ ಬರ್ಲಿಲ್ಲ, ಗುಂಪುಗಳ ಮಧ್ಯೆ ಭಿನ್ನಾಭಿಪ್ರಾಯ ಇದೆ ಅಂತ ಬರೀರಿ. ಅದೂ ಒಂದು ಫಲಿತಾಂಶಾನೇ.

ಫೀಡ್‌ಬ್ಯಾಕ್ ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಅವರದೇ ಹಳೇ ಅಂಕ, ಗುಂಪಿನ ಮೀಡಿಯನ್, ಐಕ್ಯೂಆರ್, ಎರಡೂ ಕಡೆಯ ಕಾಮೆಂಟ್ ಹೆಸರಿಲ್ಲದೇ ಹಾಕಿ. ಬರೀ ಮೀಡಿಯನ್ ಕೊಟ್ರೆ ಜನ ಅದರ ಕಡೆ ವಾಲ್ತಾರೆ ಅಷ್ಟೇ, ಕಾರಣ ಓದಿದ್ರೆ ಯೋಚನೆ ಮಾಡ್ತಾರೆ. 1950ರ ದಶಕದಲ್ಲಿ ರ‍್ಯಾಂಡ್ ಸಂಸ್ಥೆಯಲ್ಲಿ ಡಾಲ್ಕಿ, ಹೆಲ್ಮರ್ ಅವರು ಈ ವಿಧಾನ ರೂಪಿಸುವಾಗ ಎದುರುಬದುರು ಕೂರಿಸದೇ ಇದ್ದಿದ್ದೇ ದೊಡ್ಡ ದನಿಯೋರು ಉಳಿದೋರನ್ನ ಎಳ್ಕೊಂಡು ಹೋಗಬಾರ್ದು ಅಂತ. ನಮ್ಮ ಕಡೆ ಈ ಗುಟ್ಟು ಕಾಪಾಡೋದು ಇನ್ನೂ ಕಷ್ಟ, ಒಂದು ತಾಲ್ಲೂಕಿನ ಆರೋಗ್ಯ ಸಿಬ್ಬಂದಿ ಎಲ್ಲಾ ಒಬ್ಬರಿಗೊಬ್ಬರು ಗೊತ್ತು. ದಯವಿಟ್ಟು ಪ್ಯಾನಲ್‌ಗೆ ವಾಟ್ಸಾಪ್ ಗ್ರೂಪ್ ಮಾಡಬೇಡಿ, ತಿಂಗಳ ಮೀಟಿಂಗಲ್ಲಿ ಮೇಲಧಿಕಾರಿ ಕೈಲಿ ಫಾರಂ ಹಂಚಿಸಬೇಡಿ. ಸಾಹೇಬ್ರು ಎಷ್ಟು ಹಾಕಿದಾರೆ ಅಂತ ಗೊತ್ತಾದ್ರೆ ಅವರ ಕೆಳಗಿನ ಎಎನ್‌ಎಂ ಅದಕ್ಕಿಂತ ಕಮ್ಮಿ ಹಾಕೋದು ಬಹಳ ಕಷ್ಟ, ಅದು ಅವರ ತಪ್ಪೂ ಅಲ್ಲ. ಒಬ್ಬೊಬ್ಬರಿಗೇ ಬೇರೆ ಬೇರೆ ಕಳಿಸಿ, ನೆಟ್‌ವರ್ಕ್ ಸಿಗದ ಹೊಸನಗರ, ತೀರ್ಥಹಳ್ಳಿ ಒಳಗಿನ ಜಾಗಗಳಿಗೆ ವಿಳಾಸ ಬರೆದ ಕವರ್ ಜೊತೆ ಕಾಗದದ ಫಾರಂ ಕೊಡಿ. ಫೀಲ್ಡಿನೋರ ಫಾರಂ ಕನ್ನಡದಲ್ಲಿ ಇರ್ಲಿ.

ಟೈಮಿಂಗ್ ಕೂಡ ನೋಡ್ಕೊಳ್ಳಿ. ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ ಸೀಸನ್, ಫೀಲ್ಡಿನೋರು ಜ್ವರ ಸಮೀಕ್ಷೆಯಲ್ಲೇ ಇರ್ತಾರೆ, ಆಗ ಫಾರಂ ಕಳಿಸಿದ್ರೆ ವಾಪಸ್ ಬರೋದು ಹೆಚ್ಚಾಗಿ ಕಾಲೇಜಿನೋರದ್ದು, ಮೇಲೆ ಹೇಳಿದ 45%ನ ನೀವೇ ಕೈಯಾರೆ ತಂದ್ಕೊಂಡ ಹಾಗೆ. ಈ ವರ್ಷ ಆ ತಿಂಗಳುಗಳಲ್ಲೇ ಮೂರನೇ ರೌಂಡ್ ಮುಗಿಸ್ಲೇಬೇಕು ಅನ್ನೋ ಹಾಗಿದ್ರೆ ಫೀಲ್ಡಿನ 10 ಜನರಿಗೆ ನೀವೇ ಫೋನ್ ಮಾಡಿ ಅವರಿಗೆ ಯಾವತ್ತು ಬಿಡುವು ಅಂತ ಕೇಳಿ ಅದಕ್ಕೆ ತಕ್ಕ ಹಾಗೆ ಕೊನೇ ದಿನಾಂಕ ಇಡಿ. ಅಂಕ ಎಷ್ಟು ಹಾಕ್ತೀರ ಅನ್ನೋ ಮಾತು ಮಾತ್ರ ಫೋನಲ್ಲಿ ಎತ್ತಬೇಡಿ. ಗುಂಪುವಾರು ಟೇಬಲ್ ಮಾಡಿದ್ಮೇಲೆ ಏನಾದ್ರೂ ಡೌಟ್ ಬಂದ್ರೆ ಇಲ್ಲೇ ಕೆಳಗೆ ಹಾಕಿ, ನೋಡ್ತೀನಿ.