ಇಬ್ಬರಿಗೂ ಒಟ್ಟಿಗೆ ಮೇಲ್ ಹಾಕುವ ಮೊದಲು

"ನನ್ನ ಹಳೆಯ ಸಹೋದ್ಯೋಗಿ ಡಿಸೈನರ್. ಆಸ್ಪತ್ರೆಗಳಿಗೆ ಆ್ಯಪ್ ಮಾಡುವ ನನ್ನ ಪರಿಚಯದ ಮ್ಯಾನೇಜರ್ ಒಬ್ಬರನ್ನು ಪರಿಚಯಿಸಿ ಅಂತಿದ್ದಾರೆ. ಇಬ್ಬರನ್ನೂ ಸೇರಿಸಿ ಒಂದು ಮೇಲ್ ಹಾಕಿದರೆ ಸಾಕಾ?"

ಈಗಲೇ ಹಾಕಬೇಡಿ. ಮೊದಲು ಮ್ಯಾನೇಜರ್ ಒಬ್ಬರನ್ನೇ ಕೇಳಿ. ಇಬ್ಬರನ್ನೂ ಸೇರಿಸಿದ ಮೇಲ್ ಬಂದುಬಿಟ್ಟರೆ ಅವರಿಗೆ ಬೇಡ ಅನ್ನೋಕೆ ದಾರಿಯೇ ಇರುವುದಿಲ್ಲ, ಅಲ್ವಾ?

ಕೇಳುವಾಗ ಕಾರಣ ಬೇಕು. ಅದನ್ನು ಡಿಸೈನರ್ ಕೈಲೇ ನಾಲ್ಕು ಸಾಲು ಬರೆಸಿಕೊಳ್ಳಿ. ತಾನು ಯಾರು, ಏನು ಮಾಡಿದ್ದೇನೆ, ಏನು ಬೇಕು, ಎಷ್ಟು ಹೊತ್ತು ಬೇಕು, ಇಷ್ಟೇ. "ನಿಮ್ಮ ಅನುಭವ ತಿಳಿಯಬೇಕು" ಅಂತ ಬರೆದರೆ ವಾಪಸ್ ಕಳಿಸಿ. "ವಯಸ್ಸಾದ ರೋಗಿಗಳು ಅಪಾಯಿಂಟ್‌ಮೆಂಟ್ ಪುಟದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಕೇಳಬೇಕು, 20 ನಿಮಿಷ ಸಾಕು" ಅಂದರೆ ಹೌದೋ ಅಲ್ಲವೋ ಹೇಳುವುದು ಸುಲಭ. ಆ ಸಾಲುಗಳನ್ನು ಹಾಗೇ ಫಾರ್ವರ್ಡ್ ಮಾಡಿ, "ಬೇಡವಾದರೂ ಬೇಜಾರಿಲ್ಲ" ಅಂತ ಸೇರಿಸಿ.

ಒಪ್ಪಿದ ಮೇಲೆ ಇಬ್ಬರಿಗೂ ಹೀಗೆ ಬರೆಯಬಹುದು:

ವಿಷಯ: ಪರಿಚಯ – ಆಸ್ಪತ್ರೆ ಆ್ಯಪ್, ಹಿರಿಯ ರೋಗಿಗಳ ಬಗ್ಗೆ 20 ನಿಮಿಷ

"ಮೇಡಂ, ಇವರು ನಾನು ಹೇಳಿದ ಡಿಸೈನರ್. ಇಬ್ಬರೂ ಒಂದೇ ತಂಡದಲ್ಲಿದ್ದೆವು, ಫಾರ್ಮ್ ಸರಳ ಮಾಡುವುದರಲ್ಲಿ ಇವರ ಕೈ ಚೆನ್ನಾಗಿದೆ. ಮೇಡಂ ಆಸ್ಪತ್ರೆಗಳಿಗೆ ಆ್ಯಪ್ ಮಾಡುತ್ತಾರೆ. ಮೇಡಂ ಅವರ ಬಿಡುವು ಕೇಳಿ ಮುಂದಿನ ಮೇಲ್ ನೀವು ಬರೆಯಿರಿ."

ಕೊನೆಯ ಸಾಲು ಬಿಡಬೇಡಿ. ಯಾರು ಮುಂದೆ ಬರೆಯಬೇಕು ಅಂತ ಗೊತ್ತಿಲ್ಲದೆ ಎಷ್ಟೋ ಪರಿಚಯಗಳು ಅಲ್ಲೇ ನಿಲ್ಲುತ್ತವೆ. ಹೊಗಳಿಕೆಯೂ ಜಾಸ್ತಿ ಬೇಡ, ನೀವು ಕಣ್ಣಾರೆ ಕಂಡ ಕೆಲಸವೊಂದನ್ನೇ ಹೇಳಿ.

ಉತ್ತರ ಬರೆಯುವಾಗ ಡಿಸೈನರ್ ನಿಮ್ಮನ್ನು ಬಿಸಿಸಿಗೆ ಹಾಕಲಿ. ಮಾತು ಶುರುವಾಗಿದ್ದು ನಿಮಗೆ ಗೊತ್ತಾಗುತ್ತದೆ, ಸಮಯ ಹೊಂದಿಸುವ ಮೇಲ್‌ಗಳು ಸುಮ್ನೆ ನಿಮ್ಮ ಇನ್‌ಬಾಕ್ಸ್ ತುಂಬುವುದಿಲ್ಲ.